ಗ್ರೂಪ್ ಫೋಟೋಗೆ ಅಣ್ಣನನ್ನು ಸೇರಿಸಿದೆ, ಅವನೊಬ್ಬನೇ ಎದ್ದು ಕಾಣುತ್ತಾನೆ: ಮಸುಕು ಎಷ್ಟು ಕೊಡಬೇಕು?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ತಂಗಿ ಮದುವೆಗೆ ಅಣ್ಣ ಬರಲು ಆಗಲಿಲ್ಲ. ಅವನು ಮಸ್ಕತ್‌ನಲ್ಲಿದ್ದಾನೆ, ರಜೆ ಸಿಗಲಿಲ್ಲ. ಅಮ್ಮನಿಗೆ ಗೋಡೆಗೆ ಹಾಕುವ ಫೋಟೋದಲ್ಲಿ ಅವನೂ ಇರಬೇಕು. 12×18 ಇಂಚಿನ ಪ್ರಿಂಟ್ ಮಾಡಿಸಿ ಫ್ರೇಮ್ ಹಾಕಿಸಬೇಕು ಅಂತ ಇದ್ದೇವೆ.

ಫೋಟೋ ಹೀಗಿದೆ. ಕಲ್ಯಾಣ ಮಂಟಪದ ಹೊರಗೆ, ಸಂಜೆ ಹೊತ್ತು. ಅಪ್ಪ, ಅಮ್ಮ, ತಂಗಿ, ಭಾವ ಒಂದೇ ಸಾಲಲ್ಲಿ ನಿಂತಿದ್ದಾರೆ, ಕಾಲಿನವರೆಗೂ ಕಾಣುತ್ತಾರೆ. ಹಿಂದೆ ಗೇಟಿನ ಹತ್ತಿರ ಸೀರಿಯಲ್ ಸೆಟ್ ಹಾಕಿದ್ದರು. ಅದೆಲ್ಲ ಚೆನ್ನಾಗಿ ಮಸುಕಾಗಿ ದುಂಡಗೆ ಬಂದಿದೆ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂ.ಎಂ. ಲೆನ್ಸ್, f/1.8. ಫೋಟೋ ಅಗಲ 6000 ಪಿಕ್ಸೆಲ್, ಎತ್ತರ 4000.

ಅಣ್ಣ ಅವನ ರೂಮಿನ ಬಿಳಿ ಗೋಡೆ ಮುಂದೆ ಪಂಚೆ, ಶರ್ಟು ಹಾಕಿಕೊಂಡು ನಿಂತು ಮೊಬೈಲಲ್ಲಿ ತೆಗೆಸಿ ಕಳಿಸಿದ. ಅದನ್ನು ಕಟ್ ಮಾಡಿ ಅಮ್ಮನಿಗೂ ತಂಗಿಗೂ ಮಧ್ಯೆ ಸ್ವಲ್ಪ ಹಿಂದೆ ನಿಲ್ಲಿಸಿದೆ. ಬಣ್ಣ, ಬೆಳಕು ಹೊಂದಿಸಿದೆ. ಆದರೂ ರಟ್ಟಿನ ಬೊಂಬೆ ಇಟ್ಟ ಹಾಗಿದೆ. ಅವನ ಶರ್ಟಿನ ಗುಂಡಿಯ ದಾರದ ತನಕ ಕಾಣುತ್ತೆ, ಅವನ ಭುಜದ ಪಕ್ಕದಲ್ಲೇ ಹಿಂದಿನ ಲೈಟುಗಳು ಮಸುಕಾಗಿವೆ. ಫೋಟೋಶಾಪ್‌ನಲ್ಲಿ Gaussian Blur 10 ಕೊಟ್ಟೆ. ಆಗ ಮಂಜಿನೊಳಗೆ ನಿಂತ ಹಾಗಾಯ್ತು. ಸರಿಯಾದ ಅಳತೆ ಕಂಡುಹಿಡಿಯೋದು ಹೇಗೆ? ಕಣ್ಣಳತೆ ಮೇಲೆ ಮಾಡಿ ಮಾಡಿ ಸಾಕಾಗಿದೆ.

ಮೊಬೈಲ್ ಕ್ಯಾಮೆರಾ ಪ್ರಿಯ

ಬ್ರೋ, ಇಂಥದ್ದಕ್ಕೆ ಪೋರ್ಟ್ರೇಟ್ ಮೋಡ್ ಬೆಸ್ಟ್. ನಿಮ್ಮ ಅಣ್ಣನಿಗೆ ಹೇಳಿ, ಪೋರ್ಟ್ರೇಟ್ ಮೋಡಲ್ಲಿ ಇನ್ನೊಮ್ಮೆ ತೆಗೆಸಿ ಕಳಿಸಲಿ. ಬ್ಯಾಕ್‌ಗ್ರೌಂಡ್ ಚೆನ್ನಾಗಿ ಬ್ಲರ್ ಆಗುತ್ತೆ.

ಸಾಗರದ ಹುಡುಗ

ಅವನ ಹಿಂದಿನ ಗೋಡೆ ಬ್ಲರ್ ಆಗಿ ಏನು ಉಪಯೋಗ? ಗೋಡೆಯನ್ನು ಹೇಗೂ ಕಟ್ ಮಾಡಿ ಬಿಸಾಕ್ತೀನಿ. ನನಗೆ ಅವನು ಎಷ್ಟು ಮಸುಕಾಗಬೇಕು ಅನ್ನೋದು ಗೊತ್ತಾಗಬೇಕು.

ಕ್ಲಿಕ್ ಹಾಸನ

ಹಿಂದಿನ ಲೈಟುಗಳನ್ನು ನೋಡಿ. ಮಸುಕಾಗಿ ದುಂಡಗಾಗಿವೆ ಅಲ್ವಾ? ಆ ದುಂಡಿನ ಅಗಲ ಅಳೆಯಿರಿ. ಎಷ್ಟು ಬರುತ್ತೋ ಅಷ್ಟೇ ಬ್ಲರ್ ಅಣ್ಣನಿಗೂ ಕೊಡಿ. ಬ್ಯಾಕ್‌ಗ್ರೌಂಡೂ ಅವನೂ ಒಂದೇ ಥರ ಆದರೆ ಕಣ್ಣಿಗೆ ಹೊಂದುತ್ತೆ. ನಾನು ಬ್ಯಾನರ್ ಕೆಲಸಕ್ಕೆಲ್ಲ ಹೀಗೇ ಮಾಡೋದು. ಮತ್ತೆ Gaussian ಬೇಡ, Lens Blur ಬಳಸಿ.

ಸಾಗರದ ಹುಡುಗ

ಅಳೆದೆ. ಗೇಟಿನ ಹತ್ತಿರದ ಲೈಟುಗಳು ಸುಮಾರು 48 ಪಿಕ್ಸೆಲ್ ಅಗಲ ಇವೆ. ಅಷ್ಟು ಬ್ಲರ್ ಕೊಟ್ಟೆ, Lens Blur ನಲ್ಲಿ. ಅಣ್ಣ ಯಾರು ಅಂತಲೇ ಗೊತ್ತಾಗೋದಿಲ್ಲ ಈಗ.

ನೆರಳು ಬೆಳಕು

ಅಳೆಯುವ ವಿಚಾರದಲ್ಲಿ ಹಾಸನದವರು ಹೇಳಿದ್ದು ಸರಿ. Lens Blur ಬಗ್ಗೆ ಹೇಳಿದ್ದೂ ಸರಿ. ಆದರೆ ಆ ಅಳತೆ ಗೇಟಿನದ್ದು. ನಿಮ್ಮ ಅಣ್ಣ ಗೇಟಿನ ಹತ್ತಿರ ನಿಂತಿಲ್ಲ, ಅಮ್ಮನ ಹಿಂದೆ ನಿಂತಿದ್ದಾರೆ. ಮಸುಕು ಅನ್ನೋದು ಇಡೀ ಹಿನ್ನೆಲೆಗೆ ಒಂದೇ ಸಮ ಬಳಿದ ಬಣ್ಣ ಅಲ್ಲ. ಫೋಕಸ್ ಇರುವ ಸಾಲಿನಿಂದ ಹಿಂದಕ್ಕೆ ಹೋದ ಹಾಗೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಆಗುತ್ತೆ. ಹಾಗಾಗಿ ಮೊದಲು ತೀರ್ಮಾನ ಆಗಬೇಕಾದ್ದು ಅವರು ಎಷ್ಟು ಹಿಂದೆ ನಿಂತಿದ್ದಾರೆ ಅನ್ನೋದು. ಎಷ್ಟು ಮಸುಕು ಅನ್ನೋದು ಆಮೇಲೆ ತಾನಾಗೇ ಬರುತ್ತೆ.

ಮೂರು ವಿಷಯ ಹೇಳಿ. ಕ್ಯಾಮೆರಾದಿಂದ ಮುಂದಿನ ಸಾಲಿಗೆ ಎಷ್ಟು ದೂರ ಇತ್ತು? ಗೇಟು ಎಷ್ಟು ದೂರ? ಅಪ್ಪ ಮತ್ತು ಅಣ್ಣನ ಎತ್ತರ ಎಷ್ಟು, ಫೋಟೋದಲ್ಲಿ ಇಬ್ಬರೂ ಎಷ್ಟೆಷ್ಟು ಪಿಕ್ಸೆಲ್ ಇದ್ದಾರೆ?

ಸಾಗರದ ಹುಡುಗ

ಅಲ್ಲಿ ನೆಲಕ್ಕೆ ಇಂಟರ್‌ಲಾಕ್ ಹಾಕಿದ್ದಾರೆ. ಇವತ್ತು ಟೇಪ್ ತಗೊಂಡು ಹೋಗಿ ಅಳೆದು ಬಂದೆ. ಒಂದೊಂದು ಕಲ್ಲು 20 ಸೆಂಟಿಮೀಟರ್ ಉದ್ದ. ಫೋಟೋಗ್ರಾಫರ್ ನಿಂತಿದ್ದ ಜಾಗದಿಂದ ಸಾಲಿಗೆ 4 ಮೀಟರ್. ಸಾಲಿನಿಂದ ಗೇಟಿಗೆ ಇನ್ನೂ 20 ಮೀಟರ್. ಅಪ್ಪ, ಅಣ್ಣ ಇಬ್ಬರೂ ಹತ್ತಿರ ಹತ್ತಿರ ಒಂದೇ ಎತ್ತರ. ಫೋಟೋದಲ್ಲಿ ಅಪ್ಪ 3540 ಪಿಕ್ಸೆಲ್. ಅಣ್ಣನನ್ನು ನಾನು 3300 ಕ್ಕೆ ಇಟ್ಟಿದ್ದೇನೆ. ಕಾಲು ಮಾತ್ರ ಐದು ಕಲ್ಲು ಹಿಂದೆ ಇದೆ, ಅಂದರೆ ಒಂದು ಮೀಟರ್ ಹಿಂದೆ.

ನೆರಳು ಬೆಳಕು

ಟೇಪ್ ಹಿಡಿದು ಹೋಗಿ ಬಂದಿರಲ್ಲ, ಇನ್ನು ಕೆಲಸ ಸುಲಭ.

ಲೆಕ್ಕ ಇಷ್ಟೇ. ತುಂಬಾ ತುಂಬಾ ದೂರದ ಒಂದು ಲೈಟು ಈ ಫೋಟೋದಲ್ಲಿ ಎಷ್ಟು ಅಗಲವಾಗುತ್ತೆ ಅಂತ ಗೊತ್ತಾದರೆ ಮಿಕ್ಕ ಎಲ್ಲ ದೂರಕ್ಕೂ ಗೊತ್ತಾದ ಹಾಗೆ. `s` ಅಂದರೆ ಕ್ಯಾಮೆರಾದಿಂದ ಫೋಕಸ್ ಇರುವ ಸಾಲಿಗೆ ಇರುವ ದೂರ. `d` ಅಂದರೆ ಕ್ಯಾಮೆರಾದಿಂದ ಆ ವಸ್ತುವಿಗೆ ಇರುವ ದೂರ.

```
ಮಸುಕಿನ ಅಗಲ = ತುಂಬಾ ದೂರದ ಮಸುಕು × (d − s) ÷ d
```

ನಿಮ್ಮ ಗೇಟು ಕ್ಯಾಮೆರಾದಿಂದ 24 ಮೀಟರ್. ಸಾಲು 4 ಮೀಟರ್. 20 ನ್ನು 24 ರಿಂದ ಭಾಗಿಸಿದರೆ 0.83. ಗೇಟಿನ ಲೈಟು 48 ಪಿಕ್ಸೆಲ್ ಅಂದಿರಿ. ಹಾಗಾದರೆ ತುಂಬಾ ದೂರದ ಮಸುಕು 58 ಪಿಕ್ಸೆಲ್ ಆಸುಪಾಸು. 50 ಎಂ.ಎಂ., f/1.8, 4 ಮೀಟರ್ ಅಂತ ಲೆನ್ಸಿನ ಲೆಕ್ಕದಿಂದ ಮಾಡಿದರೂ ಅಷ್ಟೇ ಬರುತ್ತೆ, ನಾನು ಮಾಡಿ ನೋಡಿದೆ. ಅಂದರೆ ನಿಮ್ಮ ಅಳತೆ ಸರಿ ಇದೆ.

ಈಗ ಅಣ್ಣ. ಒಂದು ಮೀಟರ್ ಹಿಂದೆ ನಿಂತರೆ ಕ್ಯಾಮೆರಾದಿಂದ 5 ಮೀಟರ್. ಐದರಲ್ಲಿ ಒಂದು ಪಾಲು. 58 ರ ಐದನೇ ಒಂದು ಅಂದರೆ ಸುಮಾರು 12 ಪಿಕ್ಸೆಲ್ ಅಗಲ. ಗೇಟಿನ ಅಳತೆ 48 ಎಲ್ಲಿ, ಇದು ಎಲ್ಲಿ ನೋಡಿ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಫೋಟೋದಲ್ಲಿ ಅಣ್ಣ ಏಕಕಾಲಕ್ಕೆ ಮೂರು ಜಾಗದಲ್ಲಿದ್ದಾರೆ. ಕಾಲು ಒಂದು ಮೀಟರ್ ಹಿಂದೆ ಅನ್ನುತ್ತೆ. ಗಾತ್ರ ಬೇರೆ ಹೇಳುತ್ತೆ. ಅಪ್ಪನಷ್ಟೇ ಎತ್ತರದವರು 5 ಮೀಟರ್ ದೂರದಲ್ಲಿ ಅಪ್ಪನ ಐದರಲ್ಲಿ ನಾಲ್ಕು ಪಾಲು, ಅಂದರೆ 2830 ಪಿಕ್ಸೆಲ್ ಇರಬೇಕು. ನೀವು ಇಟ್ಟಿರೋದು 3300. ಅದು 4.3 ಮೀಟರ್ ದೂರದವರ ಗಾತ್ರ. ಅಂದರೆ ಸಾಲಿನಿಂದ ಬರೀ 30 ಸೆಂಟಿಮೀಟರ್ ಹಿಂದೆ. ಇನ್ನು ನೀವು ಮೊದಲು ಕೊಟ್ಟ Gaussian 10 ಇದೆಯಲ್ಲ, ಅದು ಸುಮಾರು 40 ಪಿಕ್ಸೆಲ್ ಅಗಲದ ಲೆನ್ಸ್ ಮಸುಕಿಗೆ ಸಮ. ಅಷ್ಟು ಮಸುಕಾಗಬೇಕಾದರೆ ಸಾಲಿನಿಂದ 9 ಮೀಟರ್ ಹಿಂದೆ ನಿಂತಿರಬೇಕು. ಕಾಲು ಒಂದು ಮೀಟರ್, ದೇಹ ಒಂದು ಅಡಿ, ಮಸುಕು ಒಂಬತ್ತು ಮೀಟರ್. ನೋಡುವವರಿಗೆ ಇದರಲ್ಲಿ ಏನು ತಪ್ಪು ಅಂತ ಹೇಳಲು ಬರೋದಿಲ್ಲ. ಆದರೆ ಏನೋ ಸರಿ ಇಲ್ಲ ಅಂತ ಅನ್ನಿಸೇ ಅನ್ನಿಸುತ್ತೆ.

ಕ್ಲಿಕ್ ಹಾಸನ

ಮೇಡಂ, ಒಪ್ಪಿದೆ. ಬ್ಯಾನರಲ್ಲಿ ಹಿಂದೆ ಬರೀ ಆಕಾಶ, ಗೋಪುರ ಇರುತ್ತೆ. ಮುಂದೆ ನಿಂತವರನ್ನು ಶಾರ್ಪ್ ಆಗಿಯೇ ಬಿಡ್ತೀವಿ. ಮಧ್ಯದಲ್ಲಿ ಯಾರನ್ನೂ ನಿಲ್ಲಿಸೋ ಸಂದರ್ಭ ನನಗೆ ಬಂದಿರಲಿಲ್ಲ. ಒಂದು ಡೌಟು. ದೂರ ಅಳೆಯಲು ಆಗದಿದ್ದರೆ ಏನು ಮಾಡೋದು? ಎಲ್ಲರೂ ಟೇಪ್ ತಗೊಂಡು ಮಂಟಪಕ್ಕೆ ಹೋಗೋಕೆ ಆಗಲ್ಲ.

ನೆರಳು ಬೆಳಕು

ಆಗ ನೆಲ ನೋಡಬೇಕು. ಅಣ್ಣನ ಪಾದ ಎಲ್ಲಿ ಊರಿದೆಯೋ ಆ ಸಾಲಿನ ನೆಲವೂ ಅಷ್ಟೇ ಮಸುಕಾಗಿರುತ್ತೆ. ಇಂಟರ್‌ಲಾಕ್ ಕಲ್ಲುಗಳ ಸಂದು ಇರುತ್ತಲ್ಲ, ಆ ಗೆರೆ ಪಾದದ ಎಡಕ್ಕೂ ಬಲಕ್ಕೂ ಹೇಗೆ ಕಾಣುತ್ತೆ ನೋಡಿ. ಪಂಚೆಯ ಜರಿ ಅಂಚು ಅದಕ್ಕಿಂತ ಚೂಪಾಗಿದ್ದರೆ ಬ್ಲರ್ ಸಾಲದು. ಅದಕ್ಕಿಂತ ಮಸುಕಾಗಿದ್ದರೆ ಜಾಸ್ತಿ ಆಯ್ತು. 200% ಹಿಗ್ಗಿಸಿ ನೋಡಿ. ಮುಖ ನೋಡಿ ಬ್ಲರ್ ಹೊಂದಿಸೋಕೆ ಹೋಗಬೇಡಿ. ಮುಖದ ಪಕ್ಕದಲ್ಲಿ ಕಾಣೋದು ದೂರದ ಗೇಟು. ಪಾದದ ಪಕ್ಕದಲ್ಲಿ ಕಾಣೋದು ಅವರು ನಿಂತ ನೆಲ. ನಂಬಬೇಕಾದ್ದು ನೆಲವನ್ನೇ.

ಸಾಫ್ಟ್‌ವೇರಿನ ಅಂಕಿಯನ್ನೂ ಸುಮ್ನೆ ನಂಬಬೇಡಿ. ಒಂದೊಂದರಲ್ಲಿ Radius ಅನ್ನೋದಕ್ಕೆ ಒಂದೊಂದು ಅರ್ಥ. ನಾನು ಮಾಡೋದು ಹೀಗೆ. ಕಪ್ಪು ಲೇಯರ್ ಒಂದನ್ನು ತಗೊಂಡು ಮಧ್ಯೆ 2 ಪಿಕ್ಸೆಲಿನ ಬಿಳಿ ಚುಕ್ಕೆ ಇಡ್ತೀನಿ. ಅದಕ್ಕೆ ಬ್ಲರ್ ಕೊಡ್ತೀನಿ. ಮಂಕಾಗುತ್ತೆ, ಆಮೇಲೆ Levels ಎಳೆದು ಬೆಳಗಿಸಿದರೆ ದುಂಡು ಕಾಣುತ್ತೆ. ಅದರ ಅಗಲ 12 ಪಿಕ್ಸೆಲ್ ಆಗುವ ತನಕ ಅಂಕಿ ಬದಲಾಯಿಸ್ತೀನಿ. ಆ ಅಂಕಿಯೇ ನಿಮ್ಮ ಅಂಕಿ. ಐದು ನಿಮಿಷದ ಕೆಲಸ.

ಪಿಕ್ಸೆಲ್ ಲೆಕ್ಕ

ನೆರಳು ಬೆಳಕು ಅವರ ಲೆಕ್ಕ ಸರಿಯಾಗಿದೆ. ಒಂದು ಸೇರಿಸ್ತೀನಿ. ಬ್ಲರ್ ಕೊಡುವ ಮುಂಚೆ `Image > Mode > 32 Bits/Channel` ಗೆ ಹೋಗಿ. ಅಲ್ಲಿ Lens Blur ಸಿಗಲ್ಲ, ಅದರ ಬದಲು Shape Blur ನಲ್ಲಿ ದುಂಡು ಆಕಾರ ಆರಿಸಿ. ಮಾಮೂಲಿ ಫೈಲಿನಲ್ಲಿ ಬೆಳಕಿನ ಅಂಕಿಗಳು ನಿಜವಾದ ಬೆಳಕಿನ ಪ್ರಮಾಣದಲ್ಲಿ ಇರೋದಿಲ್ಲ. ಹಾಗೇ ಬ್ಲರ್ ಮಾಡಿದರೆ ಕನ್ನಡಕದ ಮೇಲಿನ ಹೊಳಪು, ಜರಿಯ ಮಿಂಚು ಎಲ್ಲ ಬೂದಿ ಬಣ್ಣಕ್ಕೆ ತಿರುಗುತ್ತೆ. ನಿಜವಾದ ಲೆನ್ಸಿನಲ್ಲಿ ಹೊಳಪು ಹರಡಿದರೂ ಹೊಳಪಾಗಿಯೇ ಇರುತ್ತೆ. ಇದನ್ನು ಮಾಡದೆ ಹೊಂದಿಸೋಕೆ ಆಗಲ್ಲ.

ನೆರಳು ಬೆಳಕು

50, 60 ಪಿಕ್ಸೆಲ್ ಮಸುಕಿಗೆ ನಿಮ್ಮ ಮಾತು ನಿಜ. ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ. 12 ಪಿಕ್ಸೆಲಿಗೆ ಅಷ್ಟು ಬೇಕಾಗಲ್ಲ ಅಂತ ನನಗನ್ನಿಸುತ್ತೆ. ಕನ್ನಡಕದ ಹೊಳಪೊಂದನ್ನು ಆಮೇಲೆ ಕೈಯಲ್ಲೇ ಸ್ವಲ್ಪ ಬೆಳಗಿಸಬಹುದು.

ಪಿಕ್ಸೆಲ್ ಲೆಕ್ಕ

ಪ್ರಿಂಟ್ ಪಕ್ಕ ಪಕ್ಕ ಇಟ್ಟು ನೋಡಿದ್ದೀರಾ? ನಾನು ನೋಡಿದ್ದೇನೆ. ಜರಿ ಇದ್ದರೆ 12 ರಲ್ಲೂ ಗೊತ್ತಾಗುತ್ತೆ.

ಸಾಗರದ ಹುಡುಗ

ಇಬ್ಬರಿಗೂ ಧನ್ಯವಾದ. 32 ಬಿಟ್‌ಗೆ ಹೋದರೆ ನನ್ನ ಲ್ಯಾಪ್‌ಟಾಪ್ ತಡ್ಕೊಳ್ಳಲ್ಲ, ಹಾಗಾಗಿ ಮಾಮೂಲಿಯಲ್ಲೇ ಮಾಡಿದೆ.

ಅಣ್ಣನನ್ನು 2830 ಕ್ಕೆ ಇಳಿಸಿದೆ. ಕಾಲು ಐದು ಕಲ್ಲು ಹಿಂದೆಯೇ ಬಿಟ್ಟೆ. ಚುಕ್ಕೆ ಇಟ್ಟು ನೋಡಿ 12 ಪಿಕ್ಸೆಲಿನ ಮಸುಕು ಕೊಟ್ಟೆ. ಮೊದಲ ಸಲ ಅವನು ಅಲ್ಲಿ ನಿಂತ ಹಾಗೆ ಕಂಡ. ನಿಜವಾಗಲೂ ಖುಷಿ ಆಯ್ತು.

ಆದರೆ ಎರಡು ತೊಂದರೆ. ಒಂದು, ಅವನ ದೇಹದ ಸುತ್ತ ತೆಳ್ಳಗೆ ಬಿಳಿ ಗೆರೆ ಬಂದಿದೆ. ಎರಡು, ಅಮ್ಮನ ಭುಜಕ್ಕೆ ಅವನ ತೋಳು ತಾಗುವ ಕಡೆ ಒಂದು ಸಂದು ಕಾಣುತ್ತೆ. ಅದರಲ್ಲಿ ಹಿಂದಿನ ಗೇಟು ಇಣುಕುತ್ತೆ.

ನೆರಳು ಬೆಳಕು

ಯಾವ ಕ್ರಮದಲ್ಲಿ ಮಾಡಿದಿರಿ? ಊಹೆ ಮಾಡ್ತೀನಿ. ಮೊಬೈಲ್ ಫೋಟೋಗೇ ಬ್ಲರ್ ಕೊಟ್ಟು ಆಮೇಲೆ ಕಟ್ ಮಾಡಿದಿರಿ. ಅಮ್ಮನ ಭುಜದ ಆಕಾರಕ್ಕೆ ಅಣ್ಣನ ತೋಳನ್ನು ಮೊದಲೇ ಕತ್ತರಿಸಿದ್ದಿರಿ. ಹೌದಾ?

ಸಾಗರದ ಹುಡುಗ

ಹೌದು, ಎರಡೂ ಹಾಗೇ. ಬ್ಲರ್ ಬದಲಾಯಿಸಿದಾಗೆಲ್ಲ ಮೂಲ ಫೋಟೋಗೆ ಹೋಗಿ ಮಾಡ್ತಿದ್ದೆ.

ನೆರಳು ಬೆಳಕು

ಅದೇ ಕಾರಣ. ಬಿಳಿ ಗೋಡೆ ಇರುವಾಗಲೇ ಬ್ಲರ್ ಕೊಟ್ಟರೆ ಗೋಡೆಯ ಬಿಳಿ ಅಣ್ಣನ ಅಂಚಿನೊಳಗೆ ಸೇರಿಕೊಳ್ಳುತ್ತೆ. ಆಮೇಲೆ ಎಷ್ಟೇ ಚೆನ್ನಾಗಿ ಕಟ್ ಮಾಡಿದರೂ ಆ ಬಿಳಿ ಹೋಗಲ್ಲ. ಮೊದಲು ಶಾರ್ಪ್ ಇರುವಾಗಲೇ ಕಟ್ ಮಾಡಿ. ಆಮೇಲೆ ಗಾತ್ರ ಇಳಿಸಿ. ಕೊನೆಗೆ ಬ್ಲರ್. ಗಾತ್ರ ಮುಂಚೆ ಯಾಕೆ ಅಂದರೆ ಬ್ಲರ್ ಕೊಟ್ಟ ಮೇಲೆ ಇಳಿಸಿದರೆ ನಿಮ್ಮ 12 ಪಿಕ್ಸೆಲೂ ಅದರ ಜೊತೆ ಕಡಿಮೆ ಆಗಿರುತ್ತೆ.

ಬ್ಲರ್ ಕೊಟ್ಟಾಗ ಅಂಚೂ ಜೊತೆಗೇ ಕರಗಬೇಕು. ಒಳಗೆ ಮಸುಕಾಗಿ ಅಂಚು ಮಾತ್ರ ಕತ್ತರಿ ಆಡಿಸಿದ ಹಾಗೆ ಉಳಿದರೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತೆ. ಹಾಗೆ ಉಳಿದರೆ ಮಾಸ್ಕ್‌ಗೂ ಅಷ್ಟೇ ಬ್ಲರ್ ಕೊಡಿ. ಆಗ ಮಾಸ್ಕ್ ಸ್ವಲ್ಪ ಹೊರಕ್ಕೆ ಹರಡುತ್ತೆ. ಅಲ್ಲಿ ಮತ್ತೆ ಬಿಳಿ ಗೋಡೆ ಇಣುಕದ ಹಾಗೆ, ಬ್ಲರ್ ಕೊಡುವ ಮುಂಚೆಯೇ ಶರ್ಟಿನ ಬಣ್ಣ, ಪಂಚೆಯ ಬಣ್ಣವನ್ನು ಹತ್ತಿಪ್ಪತ್ತು ಪಿಕ್ಸೆಲ್ ಹೊರಕ್ಕೆ ಎಳೆದು ಬಿಡಿ. Clone Stamp ನಲ್ಲೇ ಆಗುತ್ತೆ, ಅಂದಚೆಂದ ಬೇಕಿಲ್ಲ.

ಅಮ್ಮನ ಭುಜದ ಸಂದು ಬಂದದ್ದೂ ಇದೇ ಥರ. ಅಣ್ಣನ ತೋಳನ್ನು ಭುಜದ ಆಕಾರಕ್ಕೆ ಕತ್ತರಿಸಿ ಬ್ಲರ್ ಕೊಟ್ಟಿರಿ. ಆ ಕತ್ತರಿಸಿದ ಅಂಚೂ ಕರಗಿತು. ಕರಗಿದ ಕಡೆ ಹಿಂದಿನ ಗೇಟು ಕಂಡಿತು. ಆದರೆ ಅಮ್ಮ ಫೋಕಸ್‌ನಲ್ಲಿದ್ದಾರೆ, ಅವರ ಭುಜದ ಗೆರೆ ಚೂಪಾಗಿರಬೇಕು. ಆ ಗೆರೆ ಅಮ್ಮನದು, ಅಣ್ಣನದಲ್ಲ. ಹಾಗಾಗಿ ಅಣ್ಣನನ್ನು ಪೂರ್ತಿ ತೋಳಿನ ಸಮೇತ ಬ್ಲರ್ ಮಾಡಿ. ಆಮೇಲೆ ಆ ಲೇಯರನ್ನು ಒಂದು ಗ್ರೂಪಿನಲ್ಲಿ ಹಾಕಿ, ಗ್ರೂಪಿನ ಮಾಸ್ಕ್‌ನಲ್ಲಿ ಅಮ್ಮನ ಆಕಾರ ಮರೆ ಮಾಡಿ. ಆ ಮಾಸ್ಕ್‌ಗೆ ಬ್ಲರ್ ಬೇಡ.

ಹಳೇ ಸ್ಟುಡಿಯೋ

ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಮೇಡಂ ಹೇಳಿದ್ದೆಲ್ಲ ಸರಿ. ಎರಡು ಮಾತು ನನ್ನ ಕಡೆಯಿಂದ.

ಮೊದಲನೆಯದು ಗ್ರೇನ್. ಈಗ ನಾಯ್ಸ್ ಅನ್ನುತ್ತಾರೆ. ಲೆನ್ಸು ಹಿನ್ನೆಲೆಯನ್ನು ಮಸುಕು ಮಾಡುತ್ತೆ, ಆದರೆ ನಾಯ್ಸ್ ಹುಟ್ಟೋದು ಅದರ ಹಿಂದಿನ ಸೆನ್ಸರಿನಲ್ಲಿ. ಸಂಜೆಯ ಫೋಟೋ ಅಂದಿರಿ, ನಾಯ್ಸ್ ಇದ್ದೇ ಇರುತ್ತೆ. ಗೇಟಿನ ಮಸುಕಿನ ಮೇಲೂ ಇರುತ್ತೆ, ಅಮ್ಮನ ಸೀರೆಯ ಮೇಲೂ ಇರುತ್ತೆ. ನಿಮ್ಮ ಅಣ್ಣನ ಮೇಲೆ ಇರಲ್ಲ, ಯಾಕೆಂದರೆ ಬ್ಲರ್ ಕೊಟ್ಟಾಗ ಅದೂ ಅಳಿಸಿ ಹೋಯ್ತು. ಮೇಣ ಸವರಿದ ಹಾಗೆ ಕಾಣ್ತಾರೆ. ಬ್ಲರ್ ಆದ ಮೇಲೆ `Filter > Noise > Add Noise` ನಲ್ಲಿ ಸ್ವಲ್ಪ ಸೇರಿಸಿ. ಹೊಂದಿಸುವಾಗ ಅಪ್ಪನ ಶರ್ಟಿನ ನೆರಳು ಭಾಗದ ಪಕ್ಕ ಇಟ್ಟು ನೋಡಿ. ಕಾಳು ತುಂಬಾ ಸಣ್ಣ ಅನ್ನಿಸಿದರೆ ಆ ನಾಯ್ಸ್‌ಗೇ ಅರ್ಧ ಪಿಕ್ಸೆಲ್ Gaussian ಕೊಡಿ.

ಎರಡನೆಯದು ಮನೆಯವರ ವಿಷಯ. ಲೆಕ್ಕದ ಪ್ರಕಾರ ಒಂದು ಮೀಟರ್ ಹಿಂದೆ 12 ಪಿಕ್ಸೆಲ್ ಸರಿ. 18 ಇಂಚಿಗೆ 6000 ಪಿಕ್ಸೆಲ್ ಅಂದರೆ ಪ್ರಿಂಟಿನಲ್ಲಿ ಅದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಮಸುಕು. ಮುಖ ಗುರುತು ಸಿಗುತ್ತೆ, ಆದರೆ ಕಣ್ಣು ಚುರುಕಾಗಿ ಕಾಣಲ್ಲ. ನಿಮ್ಮ ತಾಯಿ ಆ ಫೋಟೋವನ್ನು ದಿನಾ ಹತ್ತಿರ ನಿಂತು ನೋಡ್ತಾರೆ. ಪ್ರಿಂಟ್ ಹಾಕಿಸುವ ಮುಂಚೆ ಅವರಿಗೊಮ್ಮೆ ತೋರಿಸಿ.

ಸಾಗರದ ಹುಡುಗ

ಸರ್, ನೀವು ಹೇಳಿದ ಹಾಗೇ ಆಯ್ತು. ಸಂದು, ಬಿಳಿ ಗೆರೆ ಎರಡೂ ಹೋದವು. ನಾಯ್ಸ್ ಹಾಕಿದೆ. ಭಾವನಿಗೆ ತೋರಿಸಿದರೆ ಅಣ್ಣ ಯಾವಾಗ ಬಂದಿದ್ದ ಅಂತ ಕೇಳಿದರು. ಆದರೆ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ "ಎಲ್ಲರ ಮುಖ ಚೆನ್ನಾಗಿದೆ, ಅವಂದು ಯಾಕೋ ಮಂಜು ಮಂಜು, ಹಿಂದೆ ಯಾಕೆ ನಿಲ್ಲಿಸಿದ್ದೀಯ" ಅಂದರು.

ಈಗ ಬ್ಲರ್ ಕಡಿಮೆ ಮಾಡಿದರೆ ಮತ್ತೆ ಬೊಂಬೆ ಥರ ಆಗುತ್ತೆ. ಏನು ಮಾಡಲಿ?

ಹಳೇ ಸ್ಟುಡಿಯೋ

ಬ್ಲರ್ ಒಂದನ್ನೇ ಕಡಿಮೆ ಮಾಡಬೇಡಿ. ಅಣ್ಣನನ್ನು ಮುಂದೆ ಕರೆದುಕೊಂಡು ಬನ್ನಿ. ಗ್ರೂಪ್ ತೆಗೆಯುವಾಗ ಎರಡನೇ ಸಾಲಿನವರನ್ನು ನಾವು ಯಾವತ್ತೂ ಒಂದು ಮೀಟರ್ ಹಿಂದೆ ನಿಲ್ಲಿಸ್ತಾ ಇರಲಿಲ್ಲ. ಮುಂದಿನವರ ಬೆನ್ನಿಗೆ ತಾಗುವಷ್ಟು ಹತ್ತಿರ ಬನ್ನಿ ಅಂತಲೇ ಹೇಳ್ತಿದ್ದೆವು. ಒಂದು ಅಡಿ, ಅಷ್ಟೇ.

ನೆರಳು ಬೆಳಕು

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಮುಖ ಸ್ಪಷ್ಟವಾಗಿ ಬೇಕಾದರೆ ಫೋಕಸ್ ಇರುವ ಕಡೆ ನಿಲ್ಲಿಸಬೇಕು. ಹಿಂದೆ ನಿಂತೂ ಚೂಪಾಗಿ ಕಾಣೋದು ಆ ಲೆನ್ಸಿನಲ್ಲಿ ಆಗಲ್ಲ.

30 ಸೆಂಟಿಮೀಟರ್ ಹಿಂದೆ ಅಂತ ಲೆಕ್ಕ ಮಾಡಿ. 0.3 ನ್ನು 4.3 ರಿಂದ ಭಾಗಿಸಿ 58 ರಿಂದ ಗುಣಿಸಿದರೆ 4 ಪಿಕ್ಸೆಲ್. ನಿಮ್ಮ ಪ್ರಿಂಟಿನಲ್ಲಿ ಅದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಅಮ್ಮನಿಗೆ ಮಂಜು ಅನ್ನಿಸಲ್ಲ. ಗಾತ್ರ 3300. ನೀವು ಮೊದಲ ದಿನ ಇಟ್ಟಿದ್ದ ಗಾತ್ರವೇ! ನಿಮ್ಮ ಕಣ್ಣು ಗಾತ್ರವನ್ನು ಸರಿಯಾಗೇ ಹಿಡಿದಿತ್ತು. ಕಾಲು ಮಾತ್ರ ತಪ್ಪು ಜಾಗದಲ್ಲಿತ್ತು. ಅದನ್ನು ಐದು ಕಲ್ಲಿನಿಂದ ಒಂದೂವರೆ ಕಲ್ಲಿಗೆ ತನ್ನಿ.

ಸಾಗರದ ಹುಡುಗ

ಮೇಡಂ, ಒಂದು ಪ್ರಶ್ನೆ. ಮೊದಲ ದಿನ ಅದೇ ಗಾತ್ರದಲ್ಲಿ ಅವನು ಅಷ್ಟು ಎದ್ದು ಕಾಣ್ತಿದ್ದ. ಬರೀ 4 ಪಿಕ್ಸೆಲ್ ಮಸುಕು ಸಾಕಾಗುತ್ತಾ? ಅವನು ತಂಗಿಗಿಂತಲೂ ಶಾರ್ಪ್ ಇದ್ದ.

ನೆರಳು ಬೆಳಕು

ತಂಗಿಗಿಂತ ಶಾರ್ಪ್ ಅಂದಿರಲ್ಲ, ಆ ಮಾತು ಮುಖ್ಯ. ತಂಗಿ ಪೂರ್ತಿ ಫೋಕಸ್‌ನಲ್ಲಿದ್ದಾರೆ. ಅವರಿಗಿಂತ ಚೂಪಾಗಿ ಕಾಣೋದಾದರೆ ಅದು ಲೆನ್ಸಿನ ಚೂಪಲ್ಲ. ಮೊಬೈಲ್ ತಾನೇ ಹಾಕಿದ ಶಾರ್ಪನಿಂಗ್. ಅಣ್ಣನ ಮೂಲ ಫೋಟೋದಲ್ಲಿ ಕಾಲರ್ ಪಕ್ಕ ಹಿಗ್ಗಿಸಿ ನೋಡಿ. ಕಪ್ಪು ಅಂಚಿನ ಹೊರಗೆ ಒಂದು ತೆಳು ಬೆಳ್ಳಗಿನ ಗೆರೆ, ಕೂದಲಿನ ಎಳೆ ಎಳೆಗೂ ಅದೇ ಗೆರೆ ಇರುತ್ತೆ. 12 ಪಿಕ್ಸೆಲ್ ಮಸುಕಿನಲ್ಲಿ ಅದು ಮುಚ್ಚಿ ಹೋಗಿತ್ತು. 4 ರಲ್ಲಿ ಪೂರ್ತಿ ಮುಚ್ಚದೇ ಇರಬಹುದು. ಫೋನಿನಲ್ಲಿ ರಾ ಫೋಟೋ ತೆಗೆಯುವ ಸೌಲಭ್ಯ ಇದ್ದರೆ ಅಣ್ಣನಿಗೆ ಇನ್ನೊಮ್ಮೆ ಹೇಳಿ. ಇಲ್ಲದಿದ್ದರೆ ಕಟ್ ಮಾಡಿದ ಲೇಯರಿಗೆ ಮೊದಲು ಅರ್ಧ ಪಿಕ್ಸೆಲ್ Gaussian ಕೊಟ್ಟು ಆ ಗೆರೆ ತಗ್ಗಿಸಿ. ಆಮೇಲೆ Lens Blur ನ್ನು 4 ಕ್ಕಿಂತ ಒಂಚೂರು ಕಡಿಮೆ ಇಡಿ, ಎರಡೂ ಸೇರಿ ಜಾಸ್ತಿ ಆಗಬಾರದು. ಕೊನೆಗೆ ತಂಗಿಯ ರೆಪ್ಪೆಯನ್ನೂ ಅಣ್ಣನ ರೆಪ್ಪೆಯನ್ನೂ ಒಂದೇ ಸ್ಕ್ರೀನಿನಲ್ಲಿ ಇಟ್ಟು ನೋಡಿ. ತಂಗಿಯದು ಒಂದು ಕೂದಲೆಳೆಯಷ್ಟಾದರೂ ಚೂಪಾಗಿರಬೇಕು.

ತುಂಗೆ ತೀರ

ನಡುವೆ ಬಂದು ಕೇಳ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನ್ನದು ಇದರ ಉಲ್ಟಾ. ಅಪ್ಪ ಈಗಿಲ್ಲ. ಅವರದ್ದು ಒಂದೇ ಒಂದು ಒಳ್ಳೆ ಫೋಟೋ ಇರೋದು, 80 ರ ದಶಕದ್ದು, ಸ್ಟುಡಿಯೋದಲ್ಲಿ ನಿಂತು ತೆಗೆಸಿದ್ದು. ಅವರನ್ನು ನಮ್ಮ ಹೊಸ ಮನೆಯ ಗೃಹಪ್ರವೇಶದ ಫೋಟೋಗೆ ಸೇರಿಸಬೇಕು. ಅದು ಮೊಬೈಲಲ್ಲಿ ತೆಗೆದದ್ದು. ಮುಂದಿನಿಂದ ಹಿಂದಿನ ಬಾಗಿಲ ತನಕ ಎಲ್ಲ ಶಾರ್ಪ್. ಅಪ್ಪನೊಬ್ಬರೇ ಮಸುಕು. ಇಲ್ಲಿ ಓದಿದ ಮೇಲೆ ಅವರನ್ನು ಹಿಂದೆ ನಿಲ್ಲಿಸಿದರೆ ಮಸುಕು ಸಹಜ ಅನ್ನಿಸುತ್ತೆ ಅಂತ ಅಂದುಕೊಂಡೆ. ಸರಿನಾ?

ಕ್ಲಿಕ್ ಹಾಸನ

ಶಾರ್ಪನ್ ಮಾಡಿ ನೋಡಿ ಮೇಡಂ.

ಹಳೇ ಸ್ಟುಡಿಯೋ

ಬೇಡಮ್ಮ. ಹಳೇ ಪ್ರಿಂಟಿಗೆ ಶಾರ್ಪನ್ ಕೊಟ್ಟರೆ ಮುಖಕ್ಕಿಂತ ಮೊದಲು ಕಾಗದದ ಗೀರು, ಚುಕ್ಕಿ ಮೇಲೆ ಬರುತ್ತೆ.

ನೆರಳು ಬೆಳಕು

ನಿಮ್ಮ ಯೋಚನೆ ಸರಿ, ಆದರೆ ಕಾರಣ ಬೇರೆ. ಮೊಬೈಲ್ ಫೋಟೋದಲ್ಲಿ ಹಿಂದೆ ನಿಂತವರೂ ಶಾರ್ಪ್ ಆಗಿಯೇ ಬರ್ತಾರೆ, ಹಾಗಾಗಿ ದೂರ ಅನ್ನೋದು ಮಸುಕಿಗೆ ನೆಪ ಆಗಲ್ಲ. ದೂರ ನಿಲ್ಲಿಸಿದರೆ ಅವರು ಚಿಕ್ಕದಾಗ್ತಾರೆ ನೋಡಿ, ಲಾಭ ಅಲ್ಲಿದೆ. ಸ್ಕ್ಯಾನಿನಲ್ಲಿ ಅಪ್ಪನ ತಲೆ 600 ಪಿಕ್ಸೆಲ್ ಇದ್ದು, ಅಂಚುಗಳು 10 ಪಿಕ್ಸೆಲಿನಷ್ಟು ಹರಡಿವೆ ಅಂತ ಇಟ್ಟುಕೊಳ್ಳಿ. ಮುಂದೆ ಅದೇ ಗಾತ್ರದಲ್ಲಿ ನಿಲ್ಲಿಸಿದರೆ 10 ಪಿಕ್ಸೆಲ್ ಮಸುಕು ಎಲ್ಲರಿಗೂ ಕಾಣುತ್ತೆ. ಹಿಂದಿನ ಬಾಗಿಲಿನ ಹತ್ತಿರ ತಲೆ 180 ಪಿಕ್ಸೆಲ್ ಆದರೆ ಹರಡಿದ್ದೂ 3 ಪಿಕ್ಸೆಲಿಗೆ ಇಳಿಯುತ್ತೆ. ಆಗ ಅವರು ಉಳಿದವರ ಹತ್ತಿರಕ್ಕೆ ಬರ್ತಾರೆ.

ಅಷ್ಟಕ್ಕೂ ಸಾಲದೆ ಹೋದರೆ ಇಡೀ ಫೋಟೋವನ್ನು ಒಂದು ಪಿಕ್ಸೆಲಿನಷ್ಟು ಮೃದು ಮಾಡಬಹುದು. ನನಗೆ ಅದು ಇಷ್ಟ ಇಲ್ಲ, ಆದರೆ ಮಾಡುವವರಿದ್ದಾರೆ. ಚಿಕ್ಕ ಪ್ರಿಂಟಿಗೆ ನಡೆಯುತ್ತೆ.

ಪಿಕ್ಸೆಲ್ ಲೆಕ್ಕ

ಇಡೀ ಫೋಟೋ ಮೃದು ಮಾಡೋದಕ್ಕೆ ನನ್ನ ವಿರೋಧ ಇದೆ. ಇದ್ದವರ ಮುಖವನ್ನು ಯಾಕೆ ಹಾಳು ಮಾಡಬೇಕು?

ತುಂಗೆ ತೀರ

ಅಪ್ಪನಿಗಾಗಿ ನಮ್ಮ ಮುಖ ಸ್ವಲ್ಪ ಮಸುಕಾದರೆ ನಮಗೇನೂ ಬೇಸರ ಇಲ್ಲ ಸರ್. ಆದರೆ ಬಾಗಿಲ ಹತ್ತಿರ ನಿಲ್ಲಿಸೋದು ನನಗೆ ಇಷ್ಟ ಆಯ್ತು. ಅವರು ಯಾವಾಗಲೂ ಬಾಗಿಲಲ್ಲೇ ನಿಂತು ಬಂದವರನ್ನು ಕರೀತಿದ್ದರು. ಗಾತ್ರ ಹೇಗೆ ಹಿಡಿಯೋದು? ಅಲ್ಲಿ ಯಾರೂ ನಿಂತಿಲ್ಲ ಹೋಲಿಸೋಕೆ.

ನೆರಳು ಬೆಳಕು

ಬಾಗಿಲೇ ಇದೆಯಲ್ಲ. ಹೊಸ್ತಿಲಿನಿಂದ ಮೇಲಿನ ಚೌಕಟ್ಟಿನ ತನಕ ಮನೆಯಲ್ಲಿ ಟೇಪ್ ಹಿಡಿದು ಅಳೆಯಿರಿ. ಫೋಟೋದಲ್ಲಿ ಅದೇ ಬಾಗಿಲು ಎಷ್ಟು ಪಿಕ್ಸೆಲ್ ಇದೆ ನೋಡಿ. ಅಪ್ಪನ ಎತ್ತರ ನೆನಪಿದ್ದರೆ ಅದೇ ಪ್ರಮಾಣದಲ್ಲಿ ಇಡಿ. ಪಾದ ಹೊಸ್ತಿಲ ಸಾಲಿನಲ್ಲೇ ಇರಲಿ.

ಸಾಗರದ ಹುಡುಗ

ಟೆಸ್ಟ್ ಪ್ರಿಂಟ್ ಬಂತು. ಪೂರ್ತಿ ಹಾಕಿಸದೆ ಅಮ್ಮ, ಅಣ್ಣ, ತಂಗಿ ಇರುವ ಭಾಗವನ್ನು ಮಾತ್ರ ಅದೇ ಗಾತ್ರದಲ್ಲಿ ಹಾಕಿಸಿದೆ. ಅಣ್ಣ ಅಮ್ಮನ ಹಿಂದೆ ಒಂದೂವರೆ ಕಲ್ಲು, 3300 ಪಿಕ್ಸೆಲ್, 4 ಪಿಕ್ಸೆಲಿನ ಮಸುಕು. ಕಾಲರಿನ ಬಿಳಿ ಗೆರೆ ಇತ್ತು, ನೀವು ಹೇಳಿದ ಹಾಗೆ ತಗ್ಗಿಸಿದೆ. ಅಮ್ಮ ಬಹಳ ಹೊತ್ತು ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. ಪಂಚೆ ಅಂಚು ಚೆನ್ನಾಗಿದೆ, ಎಲ್ಲಿ ತಗೊಂಡನಂತೆ ಅಂತ ಕೇಳಿದರು.

ಒಂದು ಉಳಿದಿದೆ. ಅವನು ಇಷ್ಟು ಹತ್ತಿರ ಬಂದ ಮೇಲೆ ಅವನ ನೆರಳು ಅಮ್ಮನ ಸೀರೆಯ ಹಿಂದೆ ನೆಲದ ಮೇಲೆ ಬೀಳಬೇಕು ಅಲ್ವಾ? ಆ ನೆರಳಿನ ಅಂಚಿಗೂ ಅದೇ 4 ಪಿಕ್ಸೆಲ್ ಸಾಕಾ, ಜಾಸ್ತಿ ಬೇಕಾ?

ಹಳೇ ಸ್ಟುಡಿಯೋ

ಸಂಜೆ ಬೆಳಕು, ಬಿಸಿಲು ಇಲ್ಲ. ಅಪ್ಪನ ಕಾಲ ಹತ್ತಿರದ ನೆರಳು ನೋಡಿ ಅದನ್ನೇ ಅನುಸರಿಸಿ. ಅಲ್ಲಿ ಅಂಚೇ ಇಲ್ಲದಿದ್ದರೆ ನಿಮ್ಮದಕ್ಕೂ ಬೇಡ, ಪಾದದ ಬುಡದಲ್ಲಿ ಒಂದಿಷ್ಟು ಕಪ್ಪು ಸಾಕು.

ತುಂಗೆ ತೀರ

ಬಾಗಿಲು ಅಳೆದೆ, 7 ಅಡಿ. ಅಪ್ಪನ ಎತ್ತರ ಅಮ್ಮ 5 ಅಡಿ 6 ಇಂಚು ಅನ್ನುತ್ತಾರೆ, ಚಿಕ್ಕಪ್ಪ 5 ಅಡಿ 8 ಇಂಚು ಅನ್ನುತ್ತಾರೆ. ಇಬ್ಬರೂ ಬಿಟ್ಟುಕೊಡ್ತಿಲ್ಲ. ಸ್ಕ್ಯಾನ್ ನಾಳೆ ಮಾಡಿಸ್ತೀನಿ.